ಸೂಡಿಯ ಮಹೇಶ್ವರಿ ಪಂಪಿನ ಡಬ್ಬಿ ಬಿಚ್ಚಿದ್ದು

ಸೂಡಿಯ ಮಹೇಶ್ವರಿಯ ಮನೆಯ ಪಡಸಾಲೆಯ ಗೋಡೆಯ ಗೂಡಿನಲ್ಲಿ, ಅಂದರೆ ಮಾಡದಲ್ಲಿ, ಒಂದು ರೊಟ್ಟಿ ಮಾಡುವ ಯಂತ್ರ ಏಳು ತಿಂಗಳಿಂದ ಠಿಕಾಣಿ ಹೂಡಿತ್ತು. ಅದು ಅವಳದಲ್ಲ, ಹೊಳೆಮಣ್ಣೂರಿನ ಮಾನವ್ವನದು. ಬಂದವರೆಲ್ಲ ಅದನ್ನು ನೋಡಿ, ‘ಇದೇನ ಮಹೇಶ್ವರಿ, ಹೊಸಾದು ತಗೊಂಡ್ಯಾ?’ ಎಂದು ಕೇಳುವುದು, ಅವಳು ‘ಇಲ್ರಿ, ನನಗ ಬುದ್ಧಿ ಕಲಿಸಾಕ ಬಂದೈತಿ’ ಎಂದು ನಗುವುದು ರೂಢಿಯಾಗಿಬಿಟ್ಟಿತ್ತು. ನಗುತ್ತಿದ್ದಳು ನಿಜ, ಆದರೆ ದಿನಕ್ಕೊಮ್ಮೆ ತಪ್ಪದೆ ಅದರ ಧೂಳು ಒರೆಸುತ್ತಿದ್ದಳು.

ಯಾರೀ ಮಹೇಶ್ವರಿ ಅಂದರೆ, ಹೇಳುತ್ತೇನೆ ಕೇಳಿ. ಗಜೇಂದ್ರಗಡದ ಬಸ್ಸಿನಲ್ಲಿ ಹೋಗಿ ಹತ್ತನೆಯ ತರಗತಿ ಮುಗಿಸಿದವಳು, ಸೂಡಿಯ ಸಿದ್ದರಾಮೇಶನನ್ನು ಮದುವೆಯಾಗಿ ನಾಲ್ಕು ಎಕರೆ ಒಣಬೇಸಾಯದ ಹೊಲದ ಜೊತೆ ಮಾಳವ್ವ ಎಂಬ ಅತ್ತೆಯನ್ನೂ ಪಡೆದವಳು. ಮೂರು ವರ್ಷದ ಹಿಂದೆ ಮನೆಗೆ ಒಂದು ಚಾರ್ಜಿಂಗ್ ಬ್ಯಾಟರಿ ದೀಪ ತರಿಸಿದ್ದರು. ಅದರ ಡಬ್ಬಿ ಬಿಚ್ಚುತ್ತ ಬಿಚ್ಚುತ್ತ ಇವಳು ಮಾಡಿದ ಟೀಕೆ ಕೇಳಿ ಸಿದ್ದರಾಮೇಶ ಸುಮ್ಮನೆ ಮೊಬೈಲಿನಲ್ಲಿ ಹಿಡಿದ. ಅದು ಊರಿನ ಗುಂಪುಗಳಲ್ಲಿ ಓಡಾಡಿತು. ಜನ ಬಿದ್ದು ಬಿದ್ದು ನಕ್ಕರು, ಮತ್ತೊಂದು ಮಾಡು ಅಂದರು. ಹಾಗೆ ಹುಟ್ಟಿತು ‘ಮಹೇಶ್ವರಿ ಡಬ್ಬಿ ತೆಗೀತಾಳ’ ಎಂಬ ಯೂಟ್ಯೂಬ್ ಚಾನೆಲ್ಲು. ಹೊಲದ ಸಾಮಾನು, ಅಡಿಗೆಮನೆಯ ಸಾಮಾನು, ಸಂತೆಯಲ್ಲಿ ಸಿಗುವುದು, ಮೊಬೈಲಿನಲ್ಲಿ ಬರುವುದು, ಎಲ್ಲದರ ಡಬ್ಬಿ ಬಿಚ್ಚಿ ಒಳಗೇನಿದೆ ಎಂದು ತೋರಿಸುವುದು ಇವಳ ಕೆಲಸ. ಹನ್ನೊಂದು ಸಾವಿರ ಜನ ಬೆನ್ನುಹತ್ತಿದ್ದರು. ರೋಣ, ನರಗುಂದ, ಗಜೇಂದ್ರಗಡದ ಕಡೆಯವರೇ ಹೆಚ್ಚು. ಬಸ್ಸಿನಲ್ಲಿ ಗುರುತು ಹಿಡಿದು ಜಾಗ ಬಿಡುವವರೂ ಇದ್ದರು.

ಅಷ್ಟರಲ್ಲಿ ಅಂಥದೇ ಒಂದು ರೊಟ್ಟಿ ಯಂತ್ರ ವಿಡಿಯೋ ಮಾಡಲೆಂದು ಬಂತು. ಮಾಡಿದ ಕಂಪನಿಯವರು ಯಂತ್ರದ ಜೊತೆ ಏನೇನು ಮಾತಾಡಬೇಕು ಎಂದು ಎರಡು ಹಾಳೆ ಬರೆದು ಕಳಿಸಿದ್ದರು. ಇವಳು ಅದನ್ನು ಹಾಗೇ ಓದಿದಳು. ‘ಜೋಳದ ರೊಟ್ಟಿ ಅರಳಿದಂಗ ಅರಳತಾವ’ ಎಂದಳು. ತೋರಿಸಿದ ರೊಟ್ಟಿ ಮಾತ್ರ ಮಾಳವ್ವ ಕೈಯಲ್ಲಿ ಬಡಿದು, ಹೆಂಚಿನ ಮೇಲೆ ಸುಟ್ಟದ್ದು. ಚಿತ್ರೀಕರಣಕ್ಕೆ ತಡವಾಯಿತೆಂದು ಅದನ್ನೇ ಯಂತ್ರದ ಮೇಲಿಟ್ಟು ಎತ್ತಿದಳು. ಇದರಲ್ಲಿ ಸುಳ್ಳೇನಿದೆ, ಹೇಗೂ ಆಗುತ್ತದಲ್ಲ ಅಂದುಕೊಂಡಳು. ಆಗಲಿಲ್ಲ.

ಹದಿನೈದು ದಿನಕ್ಕೆ ಮಾನವ್ವ ಹೊಳೆಮಣ್ಣೂರಿನಿಂದ ರೋಣಕ್ಕೆ ಬಂದು, ರೋಣದಲ್ಲಿ ಬಸ್ಸು ಬದಲಿಸಿ, ತಾನು ಕೊಂಡ ಯಂತ್ರವನ್ನು ಸೊಂಟದ ಮೇಲೆ ಕೂಸಿನ ಹಾಗೆ ಹೊತ್ತುಕೊಂಡು ಸೂಡಿಗೆ ಬಂದಿಳಿದಳು. ಐವತ್ತು ದಾಟಿದ ಹೆಂಗಸು. ಜಗಳಕ್ಕೆ ಬಂದವಳ ಹಾಗೆ ಕಾಣಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಜೋಳದ ಹಿಟ್ಟನ್ನೂ ಕಟ್ಟಿಕೊಂಡು ಬಂದಿದ್ದಳು.

“ತಂಗಿ, ನಿನ್ನ ವಿಡಿಯೋ ನೋಡಿ ತಗೊಂಡೀನಿ. ನನಗ ಬರವಲ್ದು. ಇದರಾಗ ನೀ ಒಂದು ರೊಟ್ಟಿ ಮಾಡಿ ತೋರಿಸು, ನಾ ಕಲ್ತು ಹೋಗ್ತೀನಿ.”

ಮಹೇಶ್ವರಿ ಮಾಡಿದಳು. ಮೊದಲನೆಯದು ನಾಲ್ಕು ಚೂರಾಯಿತು, ಎರಡನೆಯದು ಮೇಲಿನ ತಟ್ಟೆಗೆ ಹತ್ತಿಕೊಂಡು ಬರಲೊಲ್ಲದು, ಮೂರನೆಯದು ಬಂತು, ಆದರೆ ಅದನ್ನು ಮುರಿಯುವುದಕ್ಕೆ ಸಿದ್ದರಾಮೇಶನನ್ನು ಕರೆಯಬೇಕಾಯಿತು. ಯಂತ್ರದ ದುಡ್ಡು ವಾಪಸು ಕೊಡುತ್ತೇನೆ ಎಂದರೆ ಮಾನವ್ವ ಕೈ ಅಡ್ಡ ಮಾಡಿದಳು.

“ದುಡ್ಡಿಂದಲ್ಲ ತಂಗಿ. ಊರಾಗಿನ ಆರು ಮಂದಿಗೆ ನಾ ಹೇಳೀನಿ, ಮಹೇಶ್ವರಿ ಹೇಳ್ಯಾಳ, ಖರೇನ ಇರತೈತಿ ಅಂತ. ಅವರು ಈಗ ನನ್ನ ಮಾರಿ ನೋಡಿ ನಗ್ತಾರ. ಈ ಯಂತ್ರ ನಿನ್ನ ಕಡೆನ ಇರಲಿ. ನಿನ್ನ ಮಾತು ನಂಬಬೇಕು ಅನ್ನಿಸಿದ ದಿವಸ ಬಂದು ಒಯ್ತೀನಿ.”

ಚಹಾ ಕುಡಿದು, ಮಾಳವ್ವನ ಕೈಯಿಂದ ಕುಂಕುಮ ಹಚ್ಚಿಸಿಕೊಂಡು, ಸಂಜೆಯ ಬಸ್ಸಿಗೆ ಹೋದಳು. ಬೈದಿದ್ದರೇ ಎಷ್ಟೋ ವಾಸಿಯಿತ್ತು. ಮಹೇಶ್ವರಿ ಆ ಹೊತ್ತು ಊಟ ಮಾಡಲಿಲ್ಲ. ಮರುದಿನ ಆ ವಿಡಿಯೋ ತೆಗೆದುಹಾಕಿದಳು, ತಪ್ಪಾಯಿತು ಎಂದು ಒಂದು ಸಾಲು ಬರೆದಳು. ಅಂದಿನಿಂದ ಯಂತ್ರ ಮಾಡದಲ್ಲಿ ಕೂತಿತು, ಇವಳಿಗೆ ಒಂದೇ ಹಂಬಲ ಹತ್ತಿತು. ಮಾನವ್ವ ಬಂದು ಆ ಯಂತ್ರವನ್ನು ಒಯ್ಯಬೇಕು.

ಅದಕ್ಕೆ ಮೊದಲು ಮಾಡಿದ ಕೆಲಸ, ಸಂತೆಯಿಂದ ಒಂದು ದಪ್ಪನೆಯ ನೋಟುಬುಕ್ಕು ತಂದದ್ದು. ಇನ್ನು ಮುಂದೆ ಬಾಯಿಗೆ ಬಂದದ್ದನ್ನು ಆಡುವುದಿಲ್ಲ, ಬೇರೆಯವರು ಬರೆದದ್ದನ್ನು ಓದುವುದೂ ಇಲ್ಲ, ಎಲ್ಲವನ್ನೂ ಮೊದಲು ತಾನೇ ಬರೆದುಕೊಳ್ಳುವುದು ಎಂದು ನಿಶ್ಚಯಿಸಿದಳು. ಎಡಗಡೆಯ ಹಾಳೆಯಲ್ಲಿ ಕ್ಯಾಮೆರಾಕ್ಕೆ ತೋರಿಸುವುದು, ಬಲಗಡೆಯಲ್ಲಿ ಬಾಯಲ್ಲಿ ಹೇಳುವುದು. ಎಡಗಡೆ ತೋರಿಸದೆ ಇದ್ದದ್ದನ್ನು ಬಲಗಡೆ ಹೇಳುವ ಹಾಗಿಲ್ಲ. ಸಾಮಾನು ಕೊಂಡದ್ದೋ, ಯಾರಾದರೂ ಕೊಟ್ಟದ್ದೋ ಎಂಬುದು ಮೊದಲನೆಯ ಮಾತಿನಲ್ಲೇ ಬರಬೇಕು. ‘ಭಾರೀ ಚಲೋ ಐತಿ’ ಎಂದು ಬರೆದರೆ ಪಕ್ಕದಲ್ಲೇ ಏಕೆ ಎಂದೂ ಬರೆಯಬೇಕು, ಇಲ್ಲವಾದರೆ ಹೊಡೆದು ಹಾಕಬೇಕು. ಕುಂದುಗಳನ್ನು ಕೆಂಪು ಶಾಯಿಯಲ್ಲಿ ಬರೆಯುವುದು. ಅವನ್ನು ವಿಡಿಯೋದ ಕೊನೆಗೆ ಓಡಿಸಿ ಮುಗಿಸಬಾರದು, ಜನ ಅಷ್ಟು ಹೊತ್ತು ಇರುವುದಿಲ್ಲ. ಯಾವ ಕುಂದಿನಿಂದ ಯಾರಿಗೆ ತೊಂದರೆ, ಯಾರು ಅದಿದ್ದರೂ ನಡೆಸಿಕೊಳ್ಳಬಹುದು ಎಂಬುದನ್ನೂ ಹೇಳಬೇಕು. ಡಬ್ಬಿಯನ್ನು ಒಂದೇ ಹಿಡಿತದಲ್ಲಿ, ನಡುವೆ ಕತ್ತರಿಸದೆ ಬಿಚ್ಚಬೇಕು. ಬಿಚ್ಚಿದ ದಿನವೇ ತೀರ್ಪು ಕೊಡಬಾರದು. ಎಂಟು ದಿನ ಬಳಸಿ, ಅದನ್ನೂ ಅದೇ ವಿಡಿಯೋಕ್ಕೆ ಸೇರಿಸಿ, ಆಮೇಲೆ ಹಾಕಬೇಕು.

“ಇಷ್ಟೆಲ್ಲಾ ಬರದ್ರ ಪರೀಕ್ಷಾಕ್ಕ ಕೂಡ್ತಿಯೇನು?” ಎಂದು ಸಿದ್ದರಾಮೇಶ ಕೇಳಿದ.

“ಕುಂತೀನಲ್ರಿ ಆಗ್ಲೇ, ಮಾನಕ್ಕನ ಪರೀಕ್ಷಾಕ್ಕ” ಎಂದಳು.

ಹೀಗಿರುವಾಗ, ಕಡಲೆಗೆ ಕೀಡೆ ಬೀಳುವ ಕಾಲಕ್ಕೆ ಸರಿಯಾಗಿ, ಗಜೇಂದ್ರಗಡದ ಪ್ರಭುಲಿಂಗಪ್ಪನವರು ಫೋನು ಮಾಡಿದರು. ಅವರದು ಅಜ್ಜನ ಕಾಲದ ಅಂಗಡಿ. ಬೀಜ, ಗೊಬ್ಬರ, ಹೊಲದ ಸಾಮಾನು ಎಲ್ಲ ಸಿಗುತ್ತದೆ. ಬೆನ್ನಿಗೆ ಹಾಕಿಕೊಂಡು ಎಣ್ಣೆ ಹೊಡೆಯುವ ಬ್ಯಾಟರಿ ಪಂಪು ಹೊಸದಾಗಿ ನಲವತ್ತು ತರಿಸಿದ್ದರು. ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು.

“ತಂಗಿ, ಒಂದು ಪಂಪ ಕೊಟ್ಟ ಕಳಸ್ತೀನಿ. ನಿನ್ನ ಬಾಯಿಂದ ನಾಕ ಮಾತು ಬರಲಿ.”

“ಸಾವ್ಕಾರ್ರ, ನಾಕ ಮಾತು ಬರ್ತಾವ. ಆದ್ರ ನಾಕೂ ಸಿಹಿ ಇರ್ತಾವಂತ ಹೇಳಾಂಗಿಲ್ರಿ.”

“ಉಪ್ಪು ಖಾರ ಇದ್ರ ಇರಲಿ. ಪಂಪ ಗಟ್ಟಿ ಐತಿ” ಎಂದರು ಪ್ರಭುಲಿಂಗಪ್ಪ. ಅವರಿಗೆ ತಮ್ಮ ಸಾಮಾನಿನ ಮೇಲೆ ಅಷ್ಟು ನಂಬಿಕೆ.

ಡಬ್ಬಿ ಸೋಮವಾರ ಮಧ್ಯಾಹ್ನ ಬಂತು. ಮಹೇಶ್ವರಿ ಹೊಲಕ್ಕೆ ಹೊರಟವಳು, ಅದನ್ನು ಪಡಸಾಲೆಯಲ್ಲಿಟ್ಟು ಅತ್ತೆಗೆ ಸಾರಿ ಸಾರಿ ಹೇಳಿದಳು.

“ಅತ್ತಿ, ಮ್ಯಾಲಿನ ಟೇಪ ಯಾರೂ ಮುಟ್ಟಬಾರ್ದು. ನಾಳೆ ಅದನ್ನ ಕೊಯ್ಯೂದು ಎಲ್ಲಾರೂ ನೋಡಬೇಕು.”

“ಮುಟ್ಟಾಂಗಿಲ್ಲ ತಗಿ” ಎಂದಳು ಮಾಳವ್ವ. ಮಾಳವ್ವ ಮಾತಿಗೆ ತಪ್ಪುವ ಹೆಂಗಸಲ್ಲ, ಅದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಮಂಗಳವಾರ ಬೆಳಗಿನ ಬಿಸಿಲಿನಲ್ಲಿ ಅಂಗಳದಲ್ಲಿ ಡಬ್ಬಿ ಬಿಚ್ಚಿದರು. ಸಿದ್ದರಾಮೇಶ ಮೊಬೈಲು ಅಲುಗಬಾರದೆಂದು ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಹಾಗಾಗಿ ಮಹೇಶ್ವರಿಯ ಮಾತುಗಳು ಅವನ ಉಸಿರಿನಷ್ಟು ಉದ್ದವಿರುತ್ತವೆ. “ಶರಣ್ರಿ ಎಲ್ಲಾರ್ಗೂ. ಈ ಪಂಪ ನಾ ಕೊಂಡದ್ದಲ್ಲ. ಗಜೇಂದ್ರಗಡದ ಪ್ರಭುಲಿಂಗಪ್ಪನೋರ ಅಂಗಡ್ಯಾಗಿಂದ ಕೊಟ್ಟಾರ. ಎಂಟ ದಿವಸ ನೋಡಿ ಹೊಳ್ಳಿ ಕೊಡ್ತೀನಿ. ನಾ ಏನ ಹೇಳ್ಬೇಕಂತ ಅವ್ರು ಬರದ ಕೊಟ್ಟಿಲ್ಲ.” ಟೇಪು ಕೊಯ್ದಳು. ಪಂಪು, ಚಾರ್ಜರು, ಉದ್ದನೆಯ ಕೋಲು, ಅದರ ತುದಿಗೆ ಹಾಕುವ ಎರಡು ಬಗೆಯ ಮೂತಿ, ಹೆಗಲ ಪಟ್ಟಿ, ಒಂದೊಂದನ್ನೇ ಎತ್ತಿ ಹಿಡಿದಳು. ಖಾಲಿ ಪಂಪನ್ನು ತಕ್ಕಡಿಗೆ ತೂಗುಹಾಕಿ ತೂಕ ತೋರಿಸಿದಳು. ಕೊಡದಿಂದ ಅಳೆದು ಹದಿನಾರು ಲೀಟರು ನೀರು ಹಿಡಿಯುತ್ತದೆ ಎಂಬುದನ್ನು ಖಾತ್ರಿ ಮಾಡಿಕೊಟ್ಟಳು.

ಮುಂದಿನ ಎಂಟು ದಿನ ಗಂಡ ಹೆಂಡತಿ ಇಬ್ಬರೂ ಬರೀ ನೀರು ತುಂಬಿಕೊಂಡು ಕಡಲೆ ಹೊಲದಲ್ಲಿ ಓಡಾಡಿದರು. ಪಕ್ಕದ ಹೊಲದವರು, ‘ಕೀಡಿಗೆ ಸ್ನಾನ ಮಾಡಿಸಾಕತ್ತೀರೇನು?’ ಎಂದು ತಮಾಷೆ ಮಾಡಿದರು. ಮಹೇಶ್ವರಿ ಬರೆದುಕೊಳ್ಳುತ್ತ ಹೋದಳು. ಪೂರ್ತಿ ಚಾರ್ಜು ಮಾಡಿ ಎರಡು ಸಲ ನೋಡಿದಳು. ಡಬ್ಬಿಯ ಮೇಲೆ ಇಪ್ಪತ್ತು ಟ್ಯಾಂಕು ಎಂದಿತ್ತು, ಹದಿನಾಲ್ಕು ಬಂತು. ಹೆಗಲ ಪಟ್ಟಿ ಸಪೂರ, ಐದನೆಯ ಟ್ಯಾಂಕಿಗೆ ಹೆಗಲು ಕೆಂಪಾಯಿತು, ಹಳೆಯ ಟವೆಲ್ಲು ಸುತ್ತಿದರೆ ನಡೆಯುತ್ತದೆ. ಸಿಂಪಡಣೆ ಸಣ್ಣಗೆ, ಒಂದೇ ಸಮ ಬೀಳುತ್ತದೆ, ಕೈಯಿಂದ ಒತ್ತುವ ಕಷ್ಟವಿಲ್ಲ. ಇವೆಲ್ಲ ಸರಿ. ಆದರೆ ಸಿದ್ದರಾಮೇಶ ಬಗ್ಗಿದಾಗಲೆಲ್ಲ ಮುಚ್ಚಳದಿಂದ ನೀರು ಸೋರಿ ಬೆನ್ನು ತೊಯ್ಯುತ್ತಿತ್ತು. ಎಷ್ಟು ಬಿಗಿದರೂ ಅಷ್ಟೆ. ನೀರಿನ ಬದಲು ಎಣ್ಣೆ ಇದ್ದಿದ್ದರೆ ಮೈಗೆ ಇಳಿದು ದವಾಖಾನೆಯ ದಾರಿ ಹಿಡಿಯಬೇಕಾಗುತ್ತಿತ್ತು.

ಇದು ಎಲ್ಲದಕ್ಕಿಂತ ಮೊದಲು ಬರಬೇಕಾದ ಕುಂದು ಎಂದು ಅವಳಿಗೆ ಅನ್ನಿಸಿತು, ಸರಿಯಾಗಿಯೇ ಅನ್ನಿಸಿತು. ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಳು, ‘ಈ ಪಂಪ ಮುಚ್ಚಳದಾಗ ಸೋರತೈತಿ. ಸೋರೋದು ನಿಲ್ಲೋತನಕ ಯಾರೂ ತಗೋಬ್ಯಾಡ್ರಿ.’ ಒದ್ದೆ ಬೆನ್ನನ್ನು ತೋರಿಸಿದಳು. ಹದಿನಾಲ್ಕು ಟ್ಯಾಂಕು, ಪಟ್ಟಿ, ಒಳ್ಳೆಯ ಸಿಂಪಡಣೆ ಎಲ್ಲ ಆಮೇಲೆ ಬಂದವು. ಗುರುವಾರ ಸಂಜೆ ವಿಡಿಯೋ ಹಾಕಿದಳು. ಶುಕ್ರವಾರ ಎದ್ದು ನೋಡಿದರೆ ಜನ ಹೊಗಳಿದ್ದೇ ಹೊಗಳಿದ್ದು. ‘ಅಂಗಡಿಯವರು ಕೊಟ್ಟರೂ ಖರೇ ಹೇಳಿದ್ರಿ ಅಕ್ಕಾರ’ ಎಂದು ಚಿಕ್ಕನರಗುಂದದ ಒಬ್ಬರು ಬರೆದಿದ್ದರು. ಮಹೇಶ್ವರಿ ಆ ಹೊಗಳಿಕೆ ಓದುತ್ತ ಚಹಾ ಉಕ್ಕಿಸಿದಳು. ಮಾನವ್ವನೂ ನೋಡಿರುತ್ತಾಳೆ ಎಂದು ಮಾಡದ ಕಡೆಗೆ ಕಣ್ಣು ಹಾಯಿಸಿದಳು.

ಆ ಸಂಭ್ರಮ ಒಂದೇ ದಿನ ಇತ್ತು. ಶನಿವಾರ ಬೆಳಿಗ್ಗೆ ಹೊಸ ಒಂದು ಮಾತು ಬಂದು ಬಿದ್ದಿತ್ತು, ಯಾರೋ ನರಗುಂದದವರದು. ‘ಅಕ್ಕಾರ, ಡಬ್ಬಿಯಿಂದ ಪಂಪ ಎತ್ತುವಾಗ ನಿಲ್ಲಿಸಿ ನೋಡ್ರಿ. ಪಂಪಿನ ತಳದಾಗ ಕುಂಕುಮ ಹಚ್ಚೈತಿ. ಕಂಪನಿಯವರು ಕುಂಕುಮ ಹಚ್ಚಿ ಕಳಸ್ತಾರೇನ್ರಿ? ಮೊದಲ ತಗದು, ಮತ್ತ ತುಂಬಿ, ಹೊಸಾದಂಗ ತೋರಿಸೀರಿ. ರೊಟ್ಟಿ ಯಂತ್ರದ್ದೂ ಹಿಂಗ ಆತಲ್ಲ.’ ಅದರ ಕೆಳಗೆ ಆಗಲೇ ಮೂವತ್ತು ಮಂದಿ ಹೌದು ಹೌದು ಎಂದಿದ್ದರು.

ಮಹೇಶ್ವರಿ ನಿಲ್ಲಿಸಿ ನೋಡಿದಳು. ಇತ್ತು. ತಳದ ಮೂಲೆಯಲ್ಲಿ ಕೆಂಪನೆಯ ಬೊಟ್ಟು, ಸುತ್ತ ವಿಭೂತಿಯ ಮೂರು ಗೆರೆ.

ಅದೇ ಹೊತ್ತಿಗೆ ಬಾಗಿಲಲ್ಲಿ ಮೋಟಾರ್ ಸೈಕಲ್ಲು ನಿಂತಿತು. ಪ್ರಭುಲಿಂಗಪ್ಪ, ಕಂಕುಳಲ್ಲಿ ಇನ್ನೊಂದು ಪಂಪು. ಮುಖ ಕೆಂಪಗಾಗಿದ್ದರೂ ಹಿರಿಯರು, ದನಿ ಏರಿಸಲಿಲ್ಲ.

“ಏನವಾ ತಂಗಿ, ಉಪ್ಪು ಖಾರ ಇರಲಿ ಅಂದಿದ್ದೆ. ನೀ ವಿಷನ ಹಾಕಿದ್ಯಲ್ಲ. ಎರಡ ದಿವಸದಾಗ ಒಂದ ಪಂಪ ಹೋಗಿಲ್ಲ, ಹೋದ ಮೂರು ವಾಪಸ್ ಬಂದಾವು.”

“ಸೋರಿದ್ದು ಖರೇ ಐತ್ರಿ ಸಾವ್ಕಾರ್ರ. ನಮ್ಮ ಮನ್ಯಾವ್ರ ಬೆನ್ನ ತೊಯ್ದದ್ದು ಎಲ್ಲಾರೂ ನೋಡ್ಯಾರ.”

“ಹೌದ, ತೊಯ್ದೈತಿ. ಇದನ್ನ ನೋಡು.” ಅವರು ತಂದ ಪಂಪಿನ ಮುಚ್ಚಳ ತಿರುಗಿಸಿ ತೆಗೆದು ಒಳಮೈ ತೋರಿಸಿದರು. ಅಂಚಿನ ಕೊರಕಲಿನಲ್ಲಿ ಕಪ್ಪನೆಯ ರಬ್ಬರ್ ಉಂಗುರವೊಂದು ಕೂತಿತ್ತು. “ಈ ವಾಶರ್ ನಿನ್ನ ಪಂಪಿನಾಗ ಎಲ್ಲೈತಿ?”

ಸಿದ್ದರಾಮೇಶ ಓಡಿಹೋಗಿ ತಮ್ಮ ಪಂಪಿನ ಮುಚ್ಚಳ ತಂದ. ಕೊರಕಲು ಖಾಲಿ. ಎಂಟು ದಿನ ಅದನ್ನು ತೆಗೆದು ಹಾಕಿದ ಇಬ್ಬರಿಗೂ ಅಲ್ಲೊಂದು ಉಂಗುರ ಇರಬೇಕಿತ್ತು ಎಂಬುದೇ ಹೊಳೆದಿರಲಿಲ್ಲ.

“ಬಂದಾಗನ ಇರ್ಲಿಲ್ರಿ” ಎಂದಳು ಮಹೇಶ್ವರಿ. “ನಾ ಆಣಿ ಮಾಡ್ತೀನಿ, ಈ ಡಬ್ಬಿ ನನಗಿಂತ ಮೊದಲ ಯಾರೂ ತಗದಿಲ್ಲ.”

“ನಾ ತಗದೀನಿ” ಎಂದಿತು ಅಡಿಗೆಮನೆ.

ಮಾಳವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಎಲ್ಲರ ಮುಖ ನೋಡಿದಳು. ಏನಾಗಿದೆ ಎಂದು ಅವಳಿಗೆ ಪೂರ್ತಿ ತಿಳಿದಿರಲಿಲ್ಲ, ಆದರೆ ಸೊಸೆ ಆಣೆ ಮಾಡುವುದನ್ನು ಕೇಳಿ ಸುಮ್ಮನಿರಲಾಗಲಿಲ್ಲ.

“ಅತ್ತಿ, ಮುಟ್ಟಬ್ಯಾಡ ಅಂದಿದ್ನೆಲ್ಲ.”

“ಮ್ಯಾಲಿನ ಟೇಪ ಮುಟ್ಟಬ್ಯಾಡ ಅಂದಿದ್ದಿ. ಮುಟ್ಟಿಲ್ಲ. ತಳದಾಗಿಂದು ಬಿಚ್ಚಿ ತಗದೀನಿ, ಮತ್ತ ಒತ್ತಿ ಹಚ್ಚೀನಿ. ಹೊಸಾ ಸಾಮಾನು ಪೂಜಿ ಇಲ್ಲದ ಮನ್ಯಾಗ ರಾತ್ರಿ ಹ್ಯಾಂಗ ಇಡೂದು? ಸೋಮಾರ ಬ್ಯಾರೆ. ನೀರ ಹಾಕಿ ಚೆಲ್ಲಿ, ಒರಿಸಿ, ವಿಭೂತಿ ಕುಂಕುಮ ಹಚ್ಚಿ ಇಟ್ಟೀನಿ. ಮ್ಯಾಲೆ ಹಚ್ಚಿದ್ರ ನಿನ್ನ ಮೊಬೈಲಾಗ ಕಾಣ್ತೈತಂತ ತಳಕ ಹಚ್ಚೀನಿ.”

ಪ್ರಭುಲಿಂಗಪ್ಪ ತಮ್ಮ ಕೈಯಲ್ಲಿದ್ದ ಮುಚ್ಚಳ ಮುಂದೆ ಹಿಡಿದು ಮೆಲ್ಲಗೆ ಕೇಳಿದರು. “ಯಮ್ಮಾ, ಇಂಥಾದೊಂದು ಉಂಗುರ ಏನರ ಬಿತ್ತೇನ್ರಿ ಒರಸುಮುಂದ?”

“ಅದಾ? ಬಿತ್ತು. ಕಟ್ಟಾಕ ಹಾಕಿದ ರಬ್ಬರ್ ಅಂತ ತಗದಿಟ್ಟೆ. ಚಲೋ ಐತಿ, ಯಾಕ ಒಗೀಬೇಕು?” ಎನ್ನುತ್ತ ಒಳಗೆ ಹೋಗಿ ಉಪ್ಪಿನಕಾಯಿಯ ಭರಣಿಯನ್ನೇ ಎತ್ತಿಕೊಂಡು ಬಂದಳು. ಭರಣಿಯ ಬಾಯಿಗೆ ಬಿಳಿಯ ಬಟ್ಟೆ, ಬಟ್ಟೆಯ ಸುತ್ತ ಕಪ್ಪನೆಯ ಉಂಗುರ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ಹನ್ನೆರಡು ದಿನದಲ್ಲಿ ಒಂದು ಇರುವೆ ಒಳಗೆ ಹೋಗಿರಲಿಲ್ಲ.

ಮೊದಲು ನಕ್ಕದ್ದು ಪ್ರಭುಲಿಂಗಪ್ಪ. ತಡೆದುಕೊಳ್ಳಲು ನೋಡಿದರು, ಹೊಟ್ಟೆ ಕುಲುಕತೊಡಗಿತು, ಕಟ್ಟೆಯ ಮೇಲೆ ಕೂತೇ ಬಿಟ್ಟರು. ಸಿದ್ದರಾಮೇಶ ಗೋಡೆಯ ಕಡೆ ತಿರುಗಿ ನಕ್ಕ. ಮಹೇಶ್ವರಿ ಮಾತ್ರ ನಗಲಿಲ್ಲ. ಉಂಗುರ ಬಿಡಿಸಿ, ತೊಳೆದು, ತಮ್ಮ ಪಂಪಿನ ಮುಚ್ಚಳಕ್ಕೆ ಕೂರಿಸಿ, ನೀರು ತುಂಬಿ, ಗಂಡನ ಬೆನ್ನಿಗೆ ಏರಿಸಿ ಬಗ್ಗು ಎಂದಳು. ಬಗ್ಗಿದ. ಮತ್ತೆ ಬಗ್ಗು ಎಂದಳು. ಹದಿನೈದು ಸಲ ಬಗ್ಗಿಸಿದಳು. ಒಂದು ಹನಿ ಬೀಳಲಿಲ್ಲ.

ನೋಟುಬುಕ್ಕು ತೆಗೆದು ಕೂತಳು. ಅಲ್ಲಿ ತಾನೇ ಬರೆದ ಕೆಂಪು ಸಾಲು ನೋಡಿದಳು. ‘ಈ ಪಂಪ ಮುಚ್ಚಳದಾಗ ಸೋರತೈತಿ.’ ತನಗೆ ಬಂದದ್ದು ಒಂದು ಪಂಪು. ಅಂಗಡಿಯಲ್ಲಿ ಇನ್ನೂ ಮೂವತ್ತೊಂಬತ್ತು ಇದ್ದವು. ನನಗೆ ಬಂದ ಪಂಪು ಸೋರಿತು ಎಂದಿದ್ದರೆ ಖರೇ ಆಗುತ್ತಿತ್ತು, ಎಲ್ಲ ಪಂಪೂ ಸೋರುತ್ತದೆ ಎನ್ನುವ ಹಾಗೆ ಹೇಳಿದ್ದಳು. ಹಾಕುವ ಮೊದಲು ಅಂಗಡಿಗೆ ಒಂದು ಫೋನು ಮಾಡಿ ಹೀಗೆ ಸೋರುತ್ತದೆ, ಏಕೆ ಎಂದು ಕೇಳಿದ್ದರೆ ಎರಡು ನಿಮಿಷದ ಕೆಲಸ. ಕೇಳಿದರೆ ಅಂಗಡಿಯವರ ಮಾತಿಗೆ ಸಿಕ್ಕಿಬೀಳುತ್ತೇನೆ ಎಂದು ಹೆದರಿ ಕೇಳಿರಲಿಲ್ಲ. ರೊಟ್ಟಿ ಯಂತ್ರವನ್ನು ಸುಮ್ಮನೆ ಹೊಗಳಿದ್ದಳು, ಪಂಪನ್ನು ಸುಮ್ಮನೆ ತೆಗಳಿದ್ದಳು. ಎರಡರಲ್ಲೂ ಬೇರೆಯವರಿಗೆ ನಷ್ಟವಾಗಿತ್ತು ಎಂಬುದು ಅವಳನ್ನು ಚುಚ್ಚಿತು.

“ಅಳಿಸಿ ಬಿಡು ಆ ವಿಡಿಯೋ. ವಾಶರ್ ಹಾಕಿ ಹೊಸಾದು ಮಾಡೂಣು” ಎಂದ ಸಿದ್ದರಾಮೇಶ. “ಕುಂಕುಮದ ಸುದ್ದಿ ಯಾಕ? ಅವ್ವನ್ನ ಊರ ಮುಂದ ನಿಲ್ಲಿಸಿದಂಗ ಆಗ್ತೈತಿ.”

ಆ ಮಾತು ಅವಳನ್ನೂ ಕಾಡುತ್ತಿತ್ತು. ಉಂಗುರ ಎಲ್ಲೋ ಬಿದ್ದಿತ್ತು, ಸಿಕ್ಕಿತು ಎಂದು ಬರೆದರೆ ಸುಳ್ಳಲ್ಲ. ಅತ್ತೆಯ ಮಾನವೂ ಉಳಿಯುತ್ತದೆ. ಆದರೆ ಕುಂಕುಮದ ಬೊಟ್ಟು ವಿಡಿಯೋದಲ್ಲಿ ಇದೆ, ಅದನ್ನು ಮೂವತ್ತು ಮಂದಿ ನೋಡಿದ್ದಾರೆ. ಬಲಗಡೆಯ ಹಾಳೆಯಲ್ಲಿ ಎರಡು ಸಲ ಬರೆದಳು, ಎರಡು ಸಲವೂ ಹೊಡೆದು ಹಾಕಿದಳು.

ಮಾಳವ್ವ ಸೊಸೆಯ ಮುಖ ನೋಡುತ್ತ ಎದುರಿಗೆ ಕೂತಳು. “ನನ್ನ ಹೆಸರ ಬರ್ಯಾಕ ಕೈ ಏಳವಲ್ದೇನ?”

“ಜನ ನಗ್ತಾರ ಅತ್ತಿ.”

“ನಗವಲ್ರಾಕ. ಪೂಜಿ ಮಾಡೀನಿ, ಕಳವು ಮಾಡಿಲ್ಲ. ನೀ ಬರೀಬ್ಯಾಡ, ನಾನ ಹೇಳ್ತೀನಿ. ಮೊಬೈಲ ಹಿಡೀರಿ.” ಎದ್ದು ಒಳಗೆ ಹೋಗಿ ಇಳಕಲ್ಲಿನ ಸೀರೆ ಉಟ್ಟು, ಹಣೆಗೆ ವಿಭೂತಿ ಬಳಿದು, ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಬಂದು ಕೂತಳು. ಮಹೇಶ್ವರಿಗೆ ಕಣ್ಣು ತುಂಬಿ ಬಂತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅತ್ತೆಯ ಮೇಲೆ ಅಷ್ಟು ಪ್ರೀತಿ ಒಮ್ಮೆಲೇ ಬಂದದ್ದು ಅದೇ ಮೊದಲು.

ಹೊಸ ವಿಡಿಯೋ ನಾಲ್ಕು ನಿಮಿಷದ್ದು. ಮೊದಲ ಮಾತು ಮಹೇಶ್ವರಿಯದು. “ಹಿಂದಿನ ವಿಡಿಯೋದಾಗ ಈ ಪಂಪ ಸೋರತೈತಿ, ತಗೋಬ್ಯಾಡ್ರಿ ಅಂದೆ. ಅದು ತಪ್ಪು. ಸೋರಿದ್ದು ನಮ್ಮ ಮನ್ಯಾಗಿನ ತಪ್ಪಿನಿಂದ. ನಾ ಅಂಗಡಿಯವರನ್ನ ಕೇಳದ ಹೇಳೀನಿ, ಅದು ನಂದ ತಪ್ಪು.” ಆಮೇಲೆ ಮಾಳವ್ವ, ಒಂದೇ ಉಸಿರಿನಲ್ಲಿ. “ನಾನ್ರಿ ಮಾಳವ್ವ. ತಳದ ಟೇಪ ಬಿಚ್ಚಿ ಪೂಜಿ ಮಾಡಿದಾಕಿ ನಾನ. ಉಂಗುರ ಉಪ್ಪಿನಕಾಯಿಗೆ ಹಾಕಿದಾಕೀನೂ ನಾನ. ನೀವೂ ಪೂಜಿ ಮಾಡ್ರಿ, ಬ್ಯಾಡನ್ನಾಂಗಿಲ್ಲ. ಆದ್ರ ಮುಚ್ಚಳದಾಗ ಉಂಗುರ ಐತೇನ ನೋಡಿ ಮಾಡ್ರಿ.” ಕೊನೆಗೆ ಸಿದ್ದರಾಮೇಶ ಬಗ್ಗಿದ್ದು, ಬೆನ್ನು ತೊಯ್ಯದೆ ಇದ್ದದ್ದು. ಅದನ್ನು ಹಿಡಿದವರು ಪ್ರಭುಲಿಂಗಪ್ಪ. ಅವರಿಗೆ ಉಸಿರು ಹಿಡಿಯುವ ವಿದ್ಯೆ ಗೊತ್ತಿರಲಿಲ್ಲ, ಚಿತ್ರ ಅಲ್ಲಾಡಿತು, ನಗುವೂ ಕೇಳಿಸಿತು.

ಹಳೆಯ ವಿಡಿಯೋವನ್ನು ಅಳಿಸಲಿಲ್ಲ. ಅದರ ತಲೆಬರಹದಲ್ಲೇ ‘ಸೋರುವ ಮಾತು ತಪ್ಪು, ಹೊಸದನ್ನು ನೋಡಿರಿ’ ಎಂದು ಸೇರಿಸಿ, ಕೆಳಗಿನ ಮಾತುಗಳಲ್ಲಿ ಎಲ್ಲಕ್ಕಿಂತ ಮೇಲೆ ಹೊಸ ವಿಡಿಯೋದ ಕೊಂಡಿ ಅಂಟಿಸಿದಳು. ಕುಂಕುಮ ಕಂಡುಹಿಡಿದ ನರಗುಂದದವರಿಗೆ, ‘ನೀವು ನೋಡದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ’ ಎಂದು ಬರೆದಳು.

ಪ್ರಭುಲಿಂಗಪ್ಪ ಹೊರಡುವಾಗ ಮತ್ತೆ ಮೆಲ್ಲಗೆ ಮಾತು ತೆಗೆದರು. “ಸೋರೋದು ತಪ್ಪಾತು ಅಂದಿ. ಹಂಗ ಆ ಹದಿನಾಕ ಟ್ಯಾಂಕಿಂದು, ಪಟ್ಟೀದು...”

“ಅವು ತಪ್ಪಲ್ರಿ ಸಾವ್ಕಾರ್ರ. ಎರಡ ಸಲ ಎಣಿಸೀನಿ. ಅಂಗಡ್ಯಾಗ ನೀವ ಒಂದ ಸಲ ಎಣಿಸಿ ನೋಡ್ರಿ, ಹೆಚ್ಚಿಗಿ ಬಂದ್ರ ಅದನ್ನೂ ಹಾಕ್ತೀನಿ.”

ಅವರು ಎಣಿಸಿದರು. ಹದಿನೈದು ಬಂತಂತೆ. ಮಹೇಶ್ವರಿ ಅದನ್ನೂ ಬರೆದಳು. ಆಮೇಲೆ ಅಂಗಡಿಯ ಬಾಗಿಲಲ್ಲಿ ಅವರೇ ಒಂದು ರಟ್ಟಿನ ಮೇಲೆ ಬರೆಸಿ ಹಾಕಿದರು, ‘ಒಂದು ಚಾರ್ಜಿಗೆ ಹದಿನಾಲ್ಕು ಹದಿನೈದು ಟ್ಯಾಂಕು. ಹೆಗಲಿಗೆ ಟವೆಲ್ಲು ಸುತ್ತಿಕೊಳ್ಳುವುದು.’ ಪಂಪು ಕೊಡುವಾಗ ಮುಚ್ಚಳ ತೆಗೆದು ಉಂಗುರ ತೋರಿಸಿಯೇ ಕೊಡುವ ರೂಢಿ ಮಾಡಿದರು. ಸಂಕ್ರಮಣದ ಹೊತ್ತಿಗೆ ನಲವತ್ತೂ ಖಾಲಿಯಾದವು. ಕೊಂಡವರಲ್ಲಿ ಅರ್ಧ ಜನ ಮಾಳವ್ವನ ಉಪ್ಪಿನಕಾಯಿಯ ಯೋಗಕ್ಷೇಮ ಕೇಳಿದ್ದರು.

ಮಹೇಶ್ವರಿ ನೋಟುಬುಕ್ಕಿಗೆ ಎರಡು ಸಾಲು ಹೊಸದಾಗಿ ಸೇರಿಸಿದಳು. ಕುಂದು ಕಂಡರೆ ಮೊದಲು ಮಾರಿದವರನ್ನು ಕೇಳಬೇಕು, ಆದರೆ ಅವರು ಬೇಡ ಅಂದರೆಂದು ಬಿಡಬಾರದು. ಒಂದನ್ನೇ ನೋಡಿದ್ದರೆ ಒಂದನ್ನೇ ನೋಡಿದೆ ಎಂದು ಹೇಳಬೇಕು. ಹೊತ್ತು ಹೋಗದ ಒಂದು ಮಧ್ಯಾಹ್ನ ಮಾಡದ ಯಂತ್ರವನ್ನೂ ಕೆಳಗಿಳಿಸಿ, ಅದು ಏನು ಮಾಡಬಲ್ಲದು ಏನು ಮಾಡಲಾರದು ಎಂದು ಹಿಟ್ಟು ಬದಲಿಸಿ ಬದಲಿಸಿ ನೋಡಿ ಬರೆದಿಟ್ಟಳು. ವಿಡಿಯೋ ಮಾಡಲಿಲ್ಲ. ಯಂತ್ರ ಇನ್ನೊಬ್ಬರದು, ಕೇಳದೆ ಮಾಡುವುದು ಸರಿಯಲ್ಲ ಅನ್ನಿಸಿತ್ತು.

ಸಂಕ್ರಮಣ ಮುಗಿದು ನಾಲ್ಕನೆಯ ದಿನ, ಹತ್ತು ಗಂಟೆಯ ಬಸ್ಸಿನಿಂದ ಮಾನವ್ವ ಇಳಿದಳು. ಕೈಯಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯ ಗಂಟು. ಬಂದವಳೇ ನೇರ ಅಡಿಗೆಮನೆಗೆ ಹೋಗಿ ಮಾಳವ್ವನ ಎದುರು ಕೂತು, “ಎಲ್ಲೈತ್ರಿ ಆ ಭರಣಿ, ತೋರಿಸ್ರಿ” ಎಂದಳು. ಇಬ್ಬರೂ ಹಳೆಯ ಗೆಳತಿಯರ ಹಾಗೆ ನಕ್ಕರು. ಭರಣಿಯ ಬಾಯಿಗೆ ಈಗ ಸೆಣಬಿನ ಹುರಿ ಕಟ್ಟಿತ್ತು.

ಮಹೇಶ್ವರಿ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕೇಳಬೇಕೋ ಬೇಡವೋ ತಿಳಿಯಲಿಲ್ಲ.

“ತಂಗಿ, ಆ ಮೊದಲಿನ ವಿಡಿಯೋ ನೋಡಿದೆ. ಸೋರತೈತಿ ಅಂತ ಬೈದ್ಯಲ್ಲ, ಅದು. ಈಗ ಬೈದ ದೊಡ್ಡಾಕಿ ಆಗಾಕ ಹೊಂಟಾಳ ಅಂದ್ಕೊಂಡೆ. ಬರಬೇಕು ಅನ್ನಿಸಲಿಲ್ಲ” ಎಂದಳು ಮಾನವ್ವ. “ಎರಡನೇದು ನೋಡಿದೆ. ನಂದ ತಪ್ಪು ಅಂದಿ. ಅತ್ತಿನ್ನ ಮುಂದ ಮಾಡಿ ನೀ ಹಿಂದ ನಿಂದರಲಿಲ್ಲ, ಮೊದಲ ನಿನ್ನ ತಪ್ಪ ಹೇಳಿದಿ. ಆ ಆರೂ ಮಂದಿನ್ನ ಕರದು ಕುಂದರಿಸಿ ತೋರಿಸೀನಿ.”

ಎದ್ದು ಪಡಸಾಲೆಗೆ ಬಂದು, ಮಾಡದಿಂದ ಯಂತ್ರವನ್ನು ತಾನೇ ಇಳಿಸಿ, ಸೆರಗಿನಿಂದ ಒರೆಸಿದಳು. ಒರೆಸಲು ಧೂಳೇ ಇರಲಿಲ್ಲ.

“ಅಕ್ಕಾರ, ಅದರಾಗ ಜೋಳದ ರೊಟ್ಟಿ ಆಗೂದಿಲ್ರಿ” ಎಂದಳು ಮಹೇಶ್ವರಿ. ಏಳು ತಿಂಗಳ ನಂತರ ಆ ಯಂತ್ರದ ಬಗ್ಗೆ ಮಾನವ್ವನಿಗೆ ಅವಳು ಆಡಿದ ಮೊದಲ ಮಾತು ಅದು. “ಗೋದಿ ಚಪಾತಿ ಆಗ್ತಾವ. ಅದೂ ಹಿಟ್ಟ ಮೆತ್ತಗ ನಾದಿ ಅರ್ಧ ತಾಸು ಬಿಟ್ರ. ಬರದಿಟ್ಟೀನಿ.”

“ಕೊಡು ಆ ಚೀಟಿ. ನನ್ನ ಮೊಮ್ಮಕ್ಕಳಿಗೆ ಚಪಾತಿನ ಬೇಕು.” ಚೀಟಿಯನ್ನು ಮಡಿಸಿ ಕುಪ್ಪಸದಲ್ಲಿಟ್ಟುಕೊಂಡು ಮಾನವ್ವ ಯಂತ್ರವನ್ನು ಮತ್ತೆ ಸೊಂಟದ ಮೇಲೆ ಏರಿಸಿದಳು. ಬಾಗಿಲು ದಾಟುವಾಗ ತಿರುಗಿ ನಿಂತಳು.

“ಇನ್ನೊಂದು ಮಾತು ಕೇಳೂದಿತ್ತು. ನಮ್ಮ ಮನ್ಯಾವ್ರಿಗೆ ಹೆಗಲ ನೋವು ಐತಿ. ಹೊಳಿ ದಂಡಿಗೆ ಮೂರ ಎಕರೆ. ಈ ಪಂಪ ತಗೊಳ್ಲೇನು, ಬಿಡ್ಲೇನು? ನೀ ಹೆಂಗಂತಿ ಹಂಗ.”

ಹನ್ನೊಂದು ಸಾವಿರ ಜನರ ಹೊಗಳಿಕೆ ಒಂದು ಕಡೆ, ಈ ಒಂದು ಪ್ರಶ್ನೆ ಒಂದು ಕಡೆ ಇಟ್ಟರೆ ಯಾವುದು ಭಾರ ಎಂದು ಮಹೇಶ್ವರಿಗೆ ಆ ಕ್ಷಣ ಗೊತ್ತಾಯಿತು. ಕಣ್ಣೊರೆಸಿಕೊಂಡು, ಮಾನವ್ವನ ಸೊಂಟದಿಂದ ಯಂತ್ರವನ್ನು ಇಳಿಸಿಕೊಂಡು ಕಟ್ಟೆಯ ಮೇಲಿಟ್ಟಳು. ಒಳಗಿನಿಂದ ನೋಟುಬುಕ್ಕು ತಂದಳು.

“ಕುಂದರ್ರಿ ಅಕ್ಕಾರ. ಯಾವ ಹೆಗಲ ನೋಯತೈತಿ, ಎಷ್ಟ ವರ್ಷಾತು, ಮೊದಲ ಅದನ್ನ ಹೇಳ್ರಿ. ಮುಂದಿನ ಬಸ್ಸಿಗೆ ಹೋದ್ರಾತು.”